ತಂಗಿಯ 47 ದಿನ ಒಂದೇ ರಾತ್ರಿಗೆ ಸೊನ್ನೆ ಆಯಿತು: ಬಿಟ್ಟ ದಿನವನ್ನು ಹ್ಯಾಬಿಟ್ ಟ್ರ್ಯಾಕರ್ ಹೇಗೆ ಲೆಕ್ಕ ಹಾಕಬೇಕು?

ಸೇಡಂ ರೋಡ್ ಹುಡುಗ (ಕಲಬುರಗಿ)

ನಮಸ್ಕಾರ ಎಲ್ಲರಿಗೂ. ನಾನು ಮನೆಮಟ್ಟಿಗೆ ಒಂದು ಸಣ್ಣ ಹ್ಯಾಬಿಟ್ ಟ್ರ್ಯಾಕರ್ ಆ್ಯಪ್ ಮಾಡಿದ್ದೇನೆ. ಮನೆಯವರು, ಗೆಳೆಯರು ಸೇರಿ ಹತ್ತು ಹನ್ನೆರಡು ಜನ ಬಳಸುತ್ತಾರೆ. ನನ್ನ ತಂಗಿ ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದಾಳೆ. ದಿನಕ್ಕೆ ಒಂದು ತಾಸು ಓದಿದರೆ ಒಂದು ಹಸಿರು ಚೌಕ, ಮೇಲೆ ದೊಡ್ಡದಾಗಿ ಸ್ಟ್ರೀಕ್ ಸಂಖ್ಯೆ. 47 ದಿನ ಬಿಡದೆ ಓದಿದಳು.

ಆಮೇಲೆ ಹುಮನಾಬಾದ್‌ನಲ್ಲಿ ಚಿಕ್ಕಪ್ಪನ ಮಗಳ ಮದುವೆ ಬಂತು. ಗುರುವಾರ ಹೋಗಿ ಭಾನುವಾರ ರಾತ್ರಿ ವಾಪಸ್ ಬಂದೆವು. ಸೋಮವಾರ ಬೆಳಗ್ಗೆ ಅವಳು ಪುಸ್ತಕ ಎದುರಿಗಿಟ್ಟುಕೊಂಡು ಆ್ಯಪ್ ತೆಗೆದಳು. 47 ಇದ್ದ ಜಾಗದಲ್ಲಿ 0. ಸ್ವಲ್ಪ ಹೊತ್ತು ನೋಡಿದಳು, ಫೋನ್ ಬೋರಲು ಹಾಕಿದಳು, ಪುಸ್ತಕವನ್ನೂ ಮುಚ್ಚಿದಳು. ಅದಾದ ಮೇಲೆ 19 ದಿನ ಓದಲಿಲ್ಲ. ನಾಲ್ಕು ದಿನ ಬಿಟ್ಟಿದ್ದಕ್ಕೆ ನನ್ನ ಆ್ಯಪ್ 19 ದಿನ ಕಳೆಯಿತು ಅಂತಲೇ ನನಗೆ ಅನಿಸುತ್ತಿದೆ, ಯಾಕೆಂದರೆ ಮದುವೆಯಿಂದ ಬಂದ ಮಾರನೇ ದಿನ ಅವಳು ಓದಲು ಕೂತಿದ್ದಳು, ಅದನ್ನು ನಾನೇ ನೋಡಿದ್ದೇನೆ.

ಬಿಟ್ಟ ದಿನವನ್ನು ಮುಚ್ಚಿಡಬಾರದು, ಹಾಗಂತ ಮನುಷ್ಯನನ್ನು ಎದ್ದೇಳದ ಹಾಗೆ ಬೀಳಿಸಲೂಬಾರದು. ಇದಕ್ಕೆ ಯಾವ ಲೆಕ್ಕ ಸರಿ? ಮಾಡಿ ನೋಡಿದವರು ಹೇಳಿ.

ಬಿದರಿ ಬೆಳ್ಳಿ (ಬೀದರ್)

ಇದಕ್ಕೆ ಉತ್ತರ ಈಗಾಗಲೇ ಇದೆ. ಡ್ಯುಯೊಲಿಂಗೊ ನೋಡಿ, ಸ್ಟ್ರೀಕ್ ಫ್ರೀಜ್ ಅಂತ ಕೊಡುತ್ತಾರೆ. ಒಂದು ದಿನ ಮಿಸ್ ಆದರೆ ಫ್ರೀಜ್ ಒಂದು ಖರ್ಚಾಗುತ್ತದೆ, ಸ್ಟ್ರೀಕ್ ಉಳಿಯುತ್ತದೆ. ನೀವೂ ತಿಂಗಳಿಗೆ ಎರಡು ಫ್ರೀಜ್ ಕೊಡಿ, ಮುಗಿಯಿತು.

ಸೇಡಂ ರೋಡ್ ಹುಡುಗ

ಅಕ್ಕಾ, ಎರಡು ಕೊಟ್ಟಿದ್ದರೂ ಶನಿವಾರಕ್ಕೆ ಅವೆರಡೂ ಮುಗಿದಿರುತ್ತಿದ್ದವು. ಸೋಮವಾರ ಅದೇ 0 ಕಾಣುತ್ತಿತ್ತು.

ಅಪ್ಪನ ಕೆರೆ ವಾಕಿಂಗ್ (ಕಲಬುರಗಿ)

ನಾನು ಬೇರೆ ಮಾತು ಹೇಳುತ್ತೇನೆ, ಬೇಜಾರಾಗಬೇಡಿ. ಬಿಟ್ಟರೆ ಬಿಟ್ಟ ಹಾಗೆ, ಸೊನ್ನೆ ಅಂದರೆ ಸೊನ್ನೆ. ನಾನು ಕೆರೆ ಸುತ್ತ 212 ದಿನ ಬಿಡದೆ ನಡೆದಿದ್ದೇನೆ. ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲಿದ್ದಾಗ ಬೆಳಗ್ಗೆ ಐದಕ್ಕೇ ಹೋಗಿ ಬಂದಿದ್ದೇನೆ. ಸ್ಟ್ರೀಕ್ ಹೋಗುತ್ತದೆ ಅನ್ನುವ ಹೆದರಿಕೆಯೇ ನನ್ನನ್ನು ಹಾಸಿಗೆಯಿಂದ ಎಬ್ಬಿಸಿದ್ದು. ಆ ಹೆದರಿಕೆ ತೆಗೆದರೆ ಆ್ಯಪ್‌ನಲ್ಲಿ ಏನು ಉಳಿಯುತ್ತದೆ?

ಕೋಡ್ ಬಸಣ್ಣ (ಕಲಬುರಗಿ)

ವಾಕಿಂಗ್ ಸರ್ ಹೇಳಿದ್ದರಲ್ಲಿ ನಿಜ ಇದೆ. ಸ್ಟ್ರೀಕ್ ಕೆಲಸ ಮಾಡುತ್ತದೆ, ಮುರಿಯುವ ತನಕ. 212 ಇದ್ದಾಗ ಅದು ನಿಮ್ಮನ್ನು ಎಬ್ಬಿಸುತ್ತದೆ. ಆದರೆ 213ನೇ ದಿನ ಜ್ವರ ಬಂದು ಮಲಗಿದರೆ ಏನಾಗುತ್ತದೆ? ಆ ಸಂಖ್ಯೆಗೆ ನೀವು ಒಂದು ದಿನ ಬಿಟ್ಟಿದ್ದೂ ಒಂದೇ, ಹುಟ್ಟಿದಾಗಿನಿಂದ ನಡೆದೇ ಇಲ್ಲದಿದ್ದರೂ ಒಂದೇ. ಎರಡಕ್ಕೂ 0. ಲೆಕ್ಕ ತಪ್ಪಿರುವುದು ಅಲ್ಲೇ. ದೇಹದಲ್ಲಿ ಕೂತ ಅಭ್ಯಾಸ ಒಂದೇ ದಿನಕ್ಕೆ ಸೊನ್ನೆ ಆಗುವುದಿಲ್ಲ.

ಲಂಡನ್‌ನಲ್ಲಿ ಫಿಲಿಪ್ಪಾ ಲಾಲಿ ಮತ್ತು ಜೊತೆಯವರು 96 ಜನರನ್ನು 12 ವಾರ ಗಮನಿಸಿ ಮಾಡಿದ ಅಧ್ಯಯನವೊಂದಿದೆ, 2010ರಲ್ಲಿ ಪ್ರಕಟವಾಯಿತು. ಅಭ್ಯಾಸ ಕೂರಲು 66 ದಿನ ಬೇಕು ಅಂತ ಎಲ್ಲರೂ ಹೇಳುತ್ತಾರಲ್ಲ, ಆ ಸಂಖ್ಯೆ ಬಂದಿದ್ದು ಅಲ್ಲಿಂದಲೇ. ಅದರಲ್ಲಿ ಇನ್ನೊಂದು ಮಾತಿದೆ, ಅದನ್ನು ಯಾರೂ ಹೇಳುವುದಿಲ್ಲ. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಕೂರುವುದಕ್ಕೆ ಹೇಳಿಕೊಳ್ಳುವಂಥ ಪೆಟ್ಟೇನೂ ಬೀಳಲಿಲ್ಲ. ನೆನಪಿರಲಿ, ಇದು ಒಂದು ದಿನ ತಪ್ಪಿದ ಮಾತು. ನಾಲ್ಕು ದಿನಕ್ಕೂ ಇದೇ ಅಂತ ಎಳೆಯಬಾರದು.

ಹುಡುಗ, ನಿನ್ನ ಪ್ರಶ್ನೆಗೆ ಬರುತ್ತೇನೆ. ಲೂಪ್ ಹ್ಯಾಬಿಟ್ ಟ್ರ್ಯಾಕರ್ ಅಂತ ಒಂದು ಓಪನ್ ಸೋರ್ಸ್ ಆ್ಯಪ್ ಇದೆ, ಅದರ ಕೋಡ್ ಓದು. ಅದರಲ್ಲಿ ಸ್ಟ್ರೀಕ್ ಜೊತೆಗೆ ಒಂದು ಸ್ಕೋರ್ ಇರುತ್ತದೆ. ಪ್ರತಿದಿನದ ಅಭ್ಯಾಸಕ್ಕೆ ಅದರ ಲೆಕ್ಕ ಇಷ್ಟೇ:

```
m = Math.pow(0.5, 1 / 13);
score = score * m + (done ? 1 - m : 0);
```

ಅಂದರೆ 13 ದಿನ ಸತತವಾಗಿ ಬಿಟ್ಟರೆ ಸ್ಕೋರ್ ಅರ್ಧಕ್ಕೆ ಇಳಿಯುತ್ತದೆ. ನಿನ್ನ ತಂಗಿಯ ಲೆಕ್ಕ ಹಾಕಿ ನೋಡಿದೆ. ಈ ಸ್ಕೋರ್ 0ರಿಂದ 1ರ ಒಳಗೆ ಬರುತ್ತದೆ, ನೂರಕ್ಕೆ ಗುಣಿಸಿ ಹೇಳಿದರೆ 47 ದಿನ ಓದಿದ ಮೇಲೆ 92. ನಾಲ್ಕು ದಿನ ಬಿಟ್ಟ ಮೇಲೆ 74. ಸೋಮವಾರ ಅವಳಿಗೆ ಕಾಣಬೇಕಿದ್ದದ್ದು 0 ಅಲ್ಲ, 74.

ತೊಗರಿ ಕಣಜ (ಚಿತ್ತಾಪುರ)

ನಮ್ಮ ಅವ್ವನಿಗೆ ಬಿಪಿ ಮಾತ್ರೆ ನೆನಪಿಸಲು ಇಂಥದ್ದೇ ಒಂದು ಆ್ಯಪ್ ಹಾಕಿಕೊಟ್ಟಿದ್ದೇನೆ. ಆಕೆ ವಾರಕ್ಕೆ ಎರಡು ಸಲವಾದರೂ ಮರೆಯುತ್ತಾಳೆ. ಈ ಸ್ಕೋರ್ ಲೆಕ್ಕ ಅದಕ್ಕೆ ಹಾಕಬಹುದಾ ಅಣ್ಣ? ಮರೆತ ದಿನ 0 ನೋಡಿ ಆಕೆಯೂ ಬೇಜಾರು ಮಾಡಿಕೊಳ್ಳುತ್ತಾಳೆ.

ಕೋಡ್ ಬಸಣ್ಣ

ಮಾತ್ರೆಗೆ ಬೇಡ. ವಾರದಲ್ಲಿ ಎರಡು ಸಲ ಮರೆತರೂ ಸ್ಕೋರ್ 70ರ ಸುತ್ತ ನಿಲ್ಲುತ್ತದೆ. ಆಕೆಗೆ ಪರವಾಗಿಲ್ಲ ಅನಿಸುತ್ತದೆ, ಆದರೆ ಬಿಪಿಗೆ ಅದು ಪರವಾಗಿಲ್ಲ ಅಲ್ಲ. ಅಲ್ಲಿ ಸ್ಟ್ರೀಕೂ ಬೇಡ, ಸ್ಕೋರೂ ಬೇಡ. ಇವತ್ತು ತೆಗೆದುಕೊಂಡಳೋ ಇಲ್ಲವೋ ಅಷ್ಟು ತೋರಿಸಿದರೆ ಸಾಕು. ಮರೆತರೆ ಮನೆಯಲ್ಲಿ ಇನ್ನೊಬ್ಬರ ಫೋನಿಗೂ ಒಂದು ಮೆಸೇಜ್ ಹೋಗಲಿ. ಮುಖ್ಯವಾದ ಮಾತು, ನಿನ್ನೆಯ ಚೌಕವನ್ನು ಇವತ್ತು ತುಂಬುವ ಬಟನ್ ಅಲ್ಲಿ ಇಡಲೇಬೇಡಿ. ಅದನ್ನು ನೋಡಿ ಯಾರಾದರೂ ನಿನ್ನೆಯದೂ ಸೇರಿಸಿ ಎರಡು ಮಾತ್ರೆ ನುಂಗಿಬಿಟ್ಟರೆ ಕಷ್ಟ. ಮರೆತಾಗ ಏನು ಮಾಡಬೇಕು ಅಂತ ಡಾಕ್ಟರನ್ನೇ ಕೇಳಿ ಬರೆದಿಟ್ಟುಕೊಳ್ಳಿ.

ತೊಗರಿ ಕಣಜ

ಸರಿ ಅಣ್ಣ. ಅಕ್ಕನ ಫೋನಿಗೂ ಜೋಡಿಸುತ್ತೇನೆ.

ಬಿದರಿ ಬೆಳ್ಳಿ

ಬಸಣ್ಣ ಅವರೇ, ನಿಮ್ಮ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಹಾಕಿ ನೋಡಿದೆ. ನಾನು ಬ್ಯಾಂಕಿನಲ್ಲಿರುವವಳು, ಕೋಡ್ ಬರುವುದಿಲ್ಲ, ಆದರೆ ಸಂಖ್ಯೆ ಗೊತ್ತಾಗುತ್ತದೆ. 92ರಿಂದ 74ಕ್ಕೆ ಇಳಿದಿದ್ದು ನಾಲ್ಕೇ ದಿನದಲ್ಲಿ. 74ರಿಂದ ಮತ್ತೆ 92ಕ್ಕೆ ಹತ್ತಲು ಎಷ್ಟು ದಿನ ಬೇಕು ಗೊತ್ತಾ? 22 ದಿನ! ನಾಲ್ಕು ದಿನದ ಮದುವೆಗೆ 22 ದಿನದ ದಂಡ. ಇದು ಹೇಗೆ ನ್ಯಾಯ?

ಸೇಡಂ ರೋಡ್ ಹುಡುಗ

ಹೌದಲ್ಲಾ, ನಾನೂ ಈಗ ಹಾಕಿ ನೋಡಿದೆ. 22 ಬರುತ್ತದೆ. ಬಸಣ್ಣ, ಆ 13 ಅನ್ನೋದನ್ನು ಕಡಿಮೆ ಮಾಡಿದರೆ? 5 ಇಟ್ಟು ನೋಡಿದೆ. ಆಗ 12 ದಿನದಲ್ಲಿ 92 ಮುಟ್ಟುತ್ತದೆ. ಆದರೆ ಆ ನಾಲ್ಕು ದಿನದಲ್ಲಿ ಸ್ಕೋರ್ ಸೀದಾ 57ಕ್ಕೆ ಬೀಳುತ್ತದೆ.

ಕೋಡ್ ಬಸಣ್ಣ

ಅಕ್ಕ ಹಿಡಿದಿದ್ದು ಸರಿಯಾಗಿದೆ, ಅದು ಈ ಲೆಕ್ಕದ ನಿಜವಾದ ಕೊರತೆ. 100ರ ಹತ್ತಿರ ಹೋದ ಹಾಗೆ ಹತ್ತುವುದು ನಿಧಾನ ಆಗುತ್ತದೆ, ಬೀಳುವುದು ಜೋರಾಗುತ್ತದೆ. ಆ 13 ಅನ್ನು ಸಣ್ಣದು ಮಾಡಿದರೆ ಜಾಸ್ತಿ ಬಿದ್ದು ಬೇಗ ಏಳುತ್ತೀರಿ. ದೊಡ್ಡದು ಮಾಡಿದರೆ ಕಡಿಮೆ ಬಿದ್ದು ನಿಧಾನ ಏಳುತ್ತೀರಿ. ಎರಡೂ ಕಡೆ ಲಾಭ ಕೊಡುವ ಸಂಖ್ಯೆ ಇಲ್ಲ.

ಆದರೆ ಅದೇ ಎಕ್ಸೆಲ್‌ನಲ್ಲಿ ಇನ್ನೊಂದು ನೋಡಿ. ಒಂದು ದಿನ ಓದಿದರೆ ಸ್ಕೋರ್ ಎಷ್ಟು ಏರುತ್ತದೆ? 92ರಲ್ಲಿ ಇರುವವನಿಗೆ ಅರ್ಧಕ್ಕಿಂತ ಕಡಿಮೆ. 74ರಲ್ಲಿ ಇರುವವನಿಗೆ ಸುಮಾರು 1.3. ಸೊನ್ನೆಯಿಂದ ಶುರು ಮಾಡುವವನಿಗೆ 5ಕ್ಕಿಂತ ಜಾಸ್ತಿ. ಬಿದ್ದವನು ವಾಪಸ್ ಬಂದರೆ ಅವನಿಗೇ ಹೆಚ್ಚು ಸಿಗುತ್ತದೆ. ತಂಗಿ ಸೋಮವಾರ ಒಂದು ತಾಸು ಓದಿದ್ದರೆ 74 ಇದ್ದದ್ದು 75 ದಾಟುತ್ತಿತ್ತು. ನನಗೆ ಬೇಕಾದದ್ದು ಅದೇ. ಪರದೆಯ ಮೇಲೆ ಯಾವ ಸಂಖ್ಯೆ ಬೇಕಾದರೂ ಇಡಿ, ವಾಪಸ್ ಬಂದ ದಿನವೇ ಅದು ಕಣ್ಣಿಗೆ ಕಾಣುವ ಹಾಗೆ ಮೇಲೆ ಹೋಗಬೇಕು. 92ಕ್ಕೆ ಯಾವಾಗ ಮುಟ್ಟುತ್ತದೆ ಅನ್ನುವುದನ್ನು ಅವಳಿಗೆ ತೋರಿಸುವ ಅಗತ್ಯವೇ ಇಲ್ಲ.

ಬಿದರಿ ಬೆಳ್ಳಿ

ಹಾಗಾದರೆ ಕಳೆದ 30 ದಿನದಲ್ಲಿ ಎಷ್ಟು ದಿನ ಅಂತ ತೋರಿಸಿದರೆ ಸುಲಭ ಅಲ್ವಾ? 30ರಲ್ಲಿ 26. ಚಿಕ್ಕ ಮಕ್ಕಳಿಗೂ ಅರ್ಥ ಆಗುತ್ತದೆ. 74 ಅಂದರೆ ಏನು ಅಂತ ನಮ್ಮ ಅಮ್ಮನಿಗೆ ನಾನು ಹೇಗೆ ಹೇಳಲಿ?

ಕೋಡ್ ಬಸಣ್ಣ

ಓದಲು ಸುಲಭ, ಒಪ್ಪುತ್ತೇನೆ. ಆದರೆ ಮುಂದೆ ಏನಾಗುತ್ತದೆ ನೋಡಿ. ಸೋಮವಾರ ಓದಿದಳು ಅಂತ ಇಟ್ಟುಕೊಳ್ಳಿ. ಹೊಸ ಹಸಿರು ಚೌಕ ಒಳಗೆ ಬರುತ್ತದೆ, 30 ದಿನದ ಹಿಂದಿನ ಹಸಿರು ಚೌಕ ಹೊರಗೆ ಹೋಗುತ್ತದೆ. ಸಂಖ್ಯೆ 26ರಲ್ಲೇ ನಿಲ್ಲುತ್ತದೆ. ಮಂಗಳವಾರವೂ 26. ಹೀಗೆ 26 ದಿನ ಬಿಡದೆ ಓದಿದರೂ 26, ಆಮೇಲೆ ಬಿಟ್ಟ ದಿನಗಳು ಹಿಂದಕ್ಕೆ ಸರಿದು ನಾಲ್ಕೇ ದಿನದಲ್ಲಿ 30 ಆಗುತ್ತದೆ. ಕಷ್ಟಪಟ್ಟು ಓದಿದ 26 ದಿನ ಸಂಖ್ಯೆ ಅಲುಗಾಡುವುದಿಲ್ಲ. ನಾನು ಇದನ್ನು ಒಮ್ಮೆ ಮಾಡಿ ಕೊಟ್ಟಿದ್ದೆ, ಎರಡನೇ ವಾರಕ್ಕೆ 'ಆ್ಯಪ್ ಕೆಟ್ಟಿದೆ' ಅಂತ ಫೋನ್ ಬಂತು.

ಶಹಾಪುರ ಟೀಚರ್ (ಯಾದಗಿರಿ ಜಿಲ್ಲೆ)

ನಾನು ಹಾಸ್ಟೆಲ್ ಮಕ್ಕಳಿಗೆ ಓದುವ ಚಾರ್ಟ್ ಹಾಕಿಸುತ್ತೇನೆ. ಫೋನ್ ಇಲ್ಲ, ಗೋಡೆಯ ಮೇಲೆ ದೊಡ್ಡ ಹಾಳೆ. ಮೊದಲನೇ ವರ್ಷ ಬಿಟ್ಟ ದಿನಕ್ಕೆ ಕೆಂಪು ಗುಣಾಕಾರ ಹಾಕಿಸಿದ್ದೆ. ಒಂದು ಹುಡುಗಿ ಇದ್ದಳು, ಮೂರು ಕೆಂಪು ಬಿದ್ದ ಮೇಲೆ ಹಾಳೆ ಇದ್ದ ಕಡೆ ಹೋಗುವುದನ್ನೇ ಬಿಟ್ಟಳು. ಊಟಕ್ಕೆ ಹೋಗುವಾಗಲೂ ಇನ್ನೊಂದು ಬಾಗಿಲಿನಿಂದ ಹೋಗುತ್ತಿದ್ದಳು. ಅದು ನನಗೆ ಗೊತ್ತಾಗಲು ಒಂದು ತಿಂಗಳು ಹಿಡಿಯಿತು.

ಮರುವರ್ಷ ಕೆಂಪು ತೆಗೆದೆ. ಓದಿದ ದಿನ ಚೌಕ ತುಂಬು, ಬಿಟ್ಟ ದಿನ ಚೌಕದಲ್ಲಿ ಒಂದೇ ಅಕ್ಷರ ಬರಿ ಅಂದೆ. ಜ್ವರಕ್ಕೆ ಜ, ಊರಿಗೆ ಹೋಗಿದ್ದರೆ ಊ, ಸುಮ್ನೆ ಬಿಟ್ಟಿದ್ದರೆ ಸು. ಮಕ್ಕಳು ಸುಳ್ಳು ಬರೆಯುತ್ತಾರೆ ಅಂದುಕೊಂಡಿದ್ದೆ. ಆದರೆ ಸು ಧಾರಾಳವಾಗಿ ಬಂತು, ಯಾಕೆಂದರೆ ಅದಕ್ಕೆ ಬೈಗುಳ ಇರಲಿಲ್ಲ. ಆಮೇಲೆ ಗೊತ್ತಾಗಿದ್ದು, ಒಬ್ಬ ಹುಡುಗನ ಸು ಎಲ್ಲಾ ಸೋಮವಾರವೇ. ಭಾನುವಾರ ಊರಿಗೆ ಹೋಗಿ ರಾತ್ರಿ ತಡವಾಗಿ ಬರುತ್ತಿದ್ದ. ಅವನಿಗೆ ಸೋಮವಾರ ರಜೆ ಕೊಟ್ಟೆ, ಉಳಿದ ಆರು ದಿನ ಬಿಡದೆ ಓದಿದ. ಬರೀ ಗುಣಾಕಾರ ಹಾಕಿಸಿದ್ದರೆ ನನಗೆ ಇದು ಕಾಣುತ್ತಿರಲಿಲ್ಲ.

ಕೋಡ್ ಬಸಣ್ಣ

ಟೀಚರ್, ನೀವು ಹೇಳಿದ್ದು ಬಹಳ ದೊಡ್ಡ ವಿಷಯ. ಆ್ಯಪ್ ಮಾಡುವವರು ಎರಡೇ ಸ್ಥಿತಿ ಇಡುತ್ತೇವೆ, ಮಾಡಿದ, ಮಾಡಿಲ್ಲ. ಆದರೆ ಖಾಲಿ ಚೌಕದಲ್ಲಿ ಮೂರು ಬೇರೆ ಬೇರೆ ಸಂಗತಿ ಅಡಗಿರುತ್ತವೆ. ಬಿಟ್ಟಿರಬಹುದು, ಬಿಡಲೇಬೇಕಾದ ಕಾರಣ ಇದ್ದಿರಬಹುದು, ಇಲ್ಲಾ ಮಾಡಿಯೂ ಗುರುತು ಹಾಕಿಲ್ಲದಿರಬಹುದು. ಲೂಪ್‌ನಲ್ಲೂ ಸ್ಕಿಪ್ ಅಂತ ಇದೆ. ಆ ದಿನ ಸ್ಕೋರ್ ಏರುವುದಿಲ್ಲ, ಇಳಿಯುವುದೂ ಇಲ್ಲ, ಇದ್ದಲ್ಲೇ ನಿಲ್ಲುತ್ತದೆ. ಹುಡುಗ, ಮೇಲಿನ ಲೆಕ್ಕದ ಮುಂಚೆ ಒಂದು ಸಾಲು ಸೇರಿಸು:

```
if (state === "skip") return score;
```

ಮೂರನೆಯದನ್ನು ಮಾತ್ರ ಮನುಷ್ಯನನ್ನೇ ಕೇಳಬೇಕು. ವಾಪಸ್ ಬಂದ ದಿನ 'ನಾಲ್ಕು ದಿನ ಖಾಲಿ ಇವೆ, ತುಂಬುವುದಿದೆಯಾ?' ಅಂತ ಒಂದೇ ಸಲ ಕೇಳು. ಅದೂ ಇವತ್ತಿನ ಚೌಕ ತುಂಬಿದ ಮೇಲೆ ಕೇಳು. ಮೊದಲೇ ಕೇಳಿದರೆ ಅದು ವಿಚಾರಣೆ ಆಗುತ್ತದೆ.

ಅಪ್ಪನ ಕೆರೆ ವಾಕಿಂಗ್

ಸ್ಕಿಪ್ ಪುಕ್ಕಟೆ ಕೊಟ್ಟರೆ ಎಲ್ಲರೂ ದಿನಾ ಸ್ಕಿಪ್ ಒತ್ತುತ್ತಾರೆ. ನಾನಂತೂ ಒತ್ತುತ್ತೇನೆ, ಮನುಷ್ಯರ ಸ್ವಭಾವ ಅದು.

ಕೋಡ್ ಬಸಣ್ಣ

ನಾನೂ ಹಾಗೇ ಅಂದುಕೊಂಡಿದ್ದೆ ಸರ್. ಮರಿಸ್ಸಾ ಶರೀಫ್ ಮತ್ತು ಸುಝೇನ್ ಶು ಅನ್ನುವ ಇಬ್ಬರು 2017ರಲ್ಲಿ ಪ್ರಕಟಿಸಿದ ಸಂಶೋಧನೆ ನೋಡಿದ ಮೇಲೆ ಸ್ವಲ್ಪ ಬದಲಾದೆ. ಗುರಿ ಗಟ್ಟಿ ಇಟ್ಟು, ಅದರ ಪಕ್ಕದಲ್ಲಿ 'ತುರ್ತಿಗೆ ಮಾತ್ರ' ಅಂತ ಹೆಸರಿಟ್ಟು ಒಂದೆರಡು ದಿನ ಕೊಟ್ಟರೆ, ಜನ ಅದನ್ನು ಕೂಡಿಟ್ಟ ದುಡ್ಡಿನ ಹಾಗೆ ಕಾಯುತ್ತಾರೆ, ಬೇಗ ಮುಟ್ಟುವುದಿಲ್ಲ. ತಪ್ಪಿದ ಮೇಲೂ ಗುರಿ ಕೈಬಿಡುವುದಿಲ್ಲ. ಅದಕ್ಕೇ ಮಿತಿ ಬೇಕು, ಹೆಸರೂ ಬೇಕು. ಬಿದರಿ ಅಕ್ಕ ಮೊದಲು ಹೇಳಿದ ಫ್ರೀಜ್ ಕೂಡ ಇದೇ ಜಾತಿಯದು, ಆ ಮಟ್ಟಿಗೆ ಅವರು ಹೇಳಿದ್ದು ಸರಿ. ತೊಂದರೆ ಇರುವುದು ಫ್ರೀಜ್ ಮುಗಿದ ಮೇಲೆ ಮತ್ತೆ ಅದೇ ಸೊನ್ನೆ ಕಾದಿರುವುದರಲ್ಲಿ.

ಸೇಡಂ ರೋಡ್ ಹುಡುಗ

ಒಂದು ವಿಷಯ ಸಿಕ್ಕಿದೆ, ಹೇಳಲೇಬೇಕು. ಟೀಚರ್ ಮಾತು ಓದಿ ತಂಗಿಯನ್ನು ಕೇಳಿದೆ, ಆ ನಾಲ್ಕು ದಿನಕ್ಕೆ ಏನು ಅಕ್ಷರ ಬರೆಯುತ್ತೀ ಅಂತ. ಅವಳು ಅಂದಳು, 'ನಾಲ್ಕಲ್ಲ, ಮೂರು. ಗುರುವಾರ ಬೆಳಗ್ಗೆ ಬಸ್ಸಿಗೆ ಹೋಗುವ ಮುಂಚೆ ನಾನು ಓದಿದ್ದೆ, ಗುರುತೂ ಹಾಕಿದ್ದೆ.'

ಡೇಟಾಬೇಸ್ ತೆಗೆದು ನೋಡಿದೆ. ಬುಧವಾರದ ಹೆಸರಿನಲ್ಲಿ ಎರಡು ದಾಖಲೆ ಇವೆ, ಗುರುವಾರ ಖಾಲಿ. ಮೊದಲನೆಯದು ಬುಧವಾರ ರಾತ್ರಿ 9:40ರದ್ದು. ಎರಡನೆಯದು ಗುರುವಾರ ಬೆಳಗ್ಗೆ 5:20ರದ್ದು! ನಾನು ತಾರೀಖನ್ನು ಯುಟಿಸಿಯಲ್ಲಿ ಲೆಕ್ಕ ಹಾಕುತ್ತಿದ್ದೆ. ನಮ್ಮ ಸಮಯ ಅದಕ್ಕಿಂತ ಐದೂವರೆ ತಾಸು ಮುಂದೆ. ಅಂದರೆ ನನ್ನ ಆ್ಯಪ್‌ನಲ್ಲಿ ದಿನ ಬದಲಾಗುತ್ತಿದ್ದದ್ದು ಬೆಳಗ್ಗೆ 5:30ಕ್ಕೆ. ಅವಳು ಹತ್ತು ನಿಮಿಷ ಮುಂಚೆ ಒತ್ತಿದ್ದಕ್ಕೆ ಅದು ಹಿಂದಿನ ದಿನಕ್ಕೆ ಸೇರಿತು. ಯಾವಾಗಲೂ ರಾತ್ರಿ ಓದುತ್ತಿದ್ದವಳು, ಆದ್ದರಿಂದ 47 ದಿನ ಈ ತಪ್ಪು ಕಾಣಿಸಿಯೇ ಇರಲಿಲ್ಲ. ನಾಲ್ಕಕ್ಕೆ ಎದ್ದು, ಸೀರೆ ಬ್ಯಾಗು ಪಕ್ಕಕ್ಕೆ ಸರಿಸಿ ಓದಿದ್ದ ದಿನವನ್ನೇ ನಾನು ಬಿಟ್ಟ ದಿನ ಅಂತ ತೋರಿಸಿದ್ದೇನೆ. ಅವಳ ಹತ್ತಿರ ಕ್ಷಮೆ ಕೇಳಿದೆ.

ಅಪ್ಪನ ಕೆರೆ ವಾಕಿಂಗ್

ಐದಕ್ಕೆ ನಡೆಯುವವನು ನಾನು. ನನ್ನ ಆ್ಯಪ್‌ನಲ್ಲೂ ಹೀಗೇ ಇರಬಹುದಾ? ಹೇಗೆ ನೋಡುವುದು?

ಕೋಡ್ ಬಸಣ್ಣ

ಸುಲಭ ಸರ್. ನಾಳೆ ಬೆಳಗ್ಗೆ 5:30ಕ್ಕಿಂತ ಮುಂಚೆ ಆ್ಯಪ್ ತೆಗೆದು ಗುರುತು ಹಾಕಿ, ಕ್ಯಾಲೆಂಡರ್‌ನಲ್ಲಿ ಯಾವ ತಾರೀಖಿನ ಚೌಕ ತುಂಬಿತು ನೋಡಿ. ನಿನ್ನೆಯದು ತುಂಬಿದರೆ ಇದೇ ತಪ್ಪು. ದಿನಾ ಐದಕ್ಕೇ ಹೋಗುವವರಿಗೆ ಎಲ್ಲಾ ದಿನವೂ ಒಂದೊಂದು ಹಿಂದೆ ಬೀಳುತ್ತವೆ, ಹಾಗಾಗಿ ಸ್ಟ್ರೀಕ್ ಮುರಿಯುವುದಿಲ್ಲ. ರಾತ್ರಿಯಿಂದ ಬೆಳಗ್ಗೆಗೆ ಬದಲಾಯಿಸಿದವರಿಗೇ ಪೆಟ್ಟು.

ಹುಡುಗ, ಸಮಯ ಯುಟಿಸಿಯಲ್ಲೇ ಇರಲಿ, ಆದರೆ ಗುರುತು ಹಾಕಿದಾಗ ಫೋನಿನಲ್ಲಿ ಯಾವ ತಾರೀಖು ಇತ್ತೋ ಅದನ್ನು ಬೇರೆಯಾಗಿ ಬರೆದಿಡು. ಸ್ಟ್ರೀಕ್, ಸ್ಕೋರ್ ಎಲ್ಲಾ ಆ ತಾರೀಖಿನ ಮೇಲೆ ಹಾಕು. ನೆಟ್‌ವರ್ಕ್ ಇಲ್ಲದೆ ಎರಡು ದಿನ ತಡವಾಗಿ ಸಿಂಕ್ ಆದರೂ ತಾರೀಖು ಬದಲಾಗುವುದಿಲ್ಲ. ಇನ್ನೊಂದು, ದಿನ ಮುಗಿಯುವುದು ರಾತ್ರಿ 12ಕ್ಕೆ ಬೇಡ, 3ಕ್ಕೆ ಇಡು. ಓದುವ ಮಕ್ಕಳು 12:20ಕ್ಕೆ ಪುಸ್ತಕ ಮುಚ್ಚಿದರೆ ಅದು ಅವರ ಲೆಕ್ಕದಲ್ಲಿ ಇವತ್ತೇ. 3 ಅಂದರೆ ನಾಲ್ಕಕ್ಕೆ ಏಳುವವರಿಗೂ ತೊಂದರೆ ಇಲ್ಲ.

ಸೇಡಂ ರೋಡ್ ಹುಡುಗ

ಎರಡೂ ಮಾಡಿದೆ. ಹೊಸ ಪರದೆ ಹೀಗಿದೆ, ತಪ್ಪಿದ್ದರೆ ಹೇಳಿ. ದೊಡ್ಡ ಅಕ್ಷರದಲ್ಲಿ ಒಟ್ಟು ಓದಿದ ದಿನ. ಗುರುವಾರ ಸೇರಿ ಅದು 48. ಕೆಳಗೆ 30 ಚೌಕ, ಸಂಖ್ಯೆ ಇಲ್ಲ, ಬಿಟ್ಟ ದಿನ ಬೂದು ಬಣ್ಣ, ಕೆಂಪು ಎಲ್ಲೂ ಇಲ್ಲ. ಬೂದು ಚೌಕ ಒತ್ತಿದರೆ ಟೀಚರ್ ಹೇಳಿದ ಹಾಗೆ ಅಕ್ಷರ ಬರೆಯಬಹುದು. ತುರ್ತು ದಿನ ತಿಂಗಳಿಗೆ ಮೂರು, ಹಿಂದಿನ ತಾರೀಖಿಗೂ ಹಾಕಬಹುದು, ಯಾಕೆಂದರೆ ಜ್ವರ ಹೇಳಿ ಬರುವುದಿಲ್ಲ. ಸ್ಕೋರ್ ಒಳಗಿನ ಪುಟದಲ್ಲಿದೆ. ಸ್ಟ್ರೀಕ್ ಮುರಿದರೂ 'ಅತಿ ಉದ್ದದ ಸಾಲು 48' ಅಂತ ಹಾಗೇ ಉಳಿಯುತ್ತದೆ.

ತಂಗಿಗೆ ತೋರಿಸಿದೆ. ಮದುವೆಯ ಮೂರು ದಿನಕ್ಕೆ ತುರ್ತು ಹಾಕಲಾ ಅಂತ ಕೇಳಿದೆ. ಬೇಡ ಅಂದಳು. 'ಅಲ್ಲಿ ಮಧ್ಯಾಹ್ನ ಖಾಲಿಯೇ ಇದ್ದೆ, ಓದಬಹುದಿತ್ತು, ಓದಲಿಲ್ಲ. ಬೂದು ಇರಲಿ. 48 ಅಳಿಸಬೇಡ ಅಷ್ಟೇ.' ಆಮೇಲಿನ 19 ದಿನಕ್ಕೂ ಅವಳೇ ಒಂದೊಂದಾಗಿ ಸು ಬರೆದಳು.

ಬಿದರಿ ಬೆಳ್ಳಿ

ಒಟ್ಟು ದಿನ ಅನ್ನುವುದು ಇಳಿಯುವುದೇ ಇಲ್ಲ. ಒಬ್ಬರು 300 ದಿನ ಓದಿ ಆರು ತಿಂಗಳು ಬಿಟ್ಟರೂ 300 ಅಂತಲೇ ತೋರಿಸುತ್ತದೆ. ಅದೂ ಒಂದು ಥರ ಸುಳ್ಳಲ್ವಾ?

ಕೋಡ್ ಬಸಣ್ಣ

ಅದಕ್ಕೇ ಕೆಳಗೆ 30 ಚೌಕ ಇವೆ, ಅಷ್ಟೂ ಬೂದು ಇರುತ್ತವೆ, ಯಾರಿಗೂ ಮೋಸ ಆಗುವುದಿಲ್ಲ. ಆದರೂ ನಿಮ್ಮ ಮಾತು ಪೂರ್ತಿ ತಳ್ಳಿಹಾಕಲಾರೆ. ದೊಡ್ಡ ಸಂಖ್ಯೆಯನ್ನೇ ಜನ ಮೊದಲು ನೋಡುವುದು.

ಅಪ್ಪನ ಕೆರೆ ವಾಕಿಂಗ್

ನನಗೆ ಸ್ಟ್ರೀಕೇ ಬೇಕು. ಬೇಕಾದವರಿಗೆ ಸೆಟ್ಟಿಂಗ್‌ನಲ್ಲಿ ಇಡು ತಮ್ಮ, ಪೂರ್ತಿ ಕಿತ್ತು ಹಾಕಬೇಡ. ಅಂದ ಹಾಗೆ ಇವತ್ತು 5:10ಕ್ಕೆ ಗುರುತು ಹಾಕಿ ನೋಡಿದೆ. ನಿನ್ನೆಯ ಚೌಕ ತುಂಬಿತು.

ಶಹಾಪುರ ಟೀಚರ್

ಹುಡುಗ, ಸೆಟ್ಟಿಂಗ್ ಇಡುವುದಾದರೆ ಮಕ್ಕಳ ಖಾತೆಯಲ್ಲಿ ಅದನ್ನು ಆಫ್ ಮಾಡಿಯೇ ಕೊಡು. ಮತ್ತೆ ತುರ್ತು ದಿನ ಮೂರು ಅಂತ ಎಲ್ಲರಿಗೂ ಒಂದೇ ಇಡಬೇಡ. ತೊಗರಿ ಕಟಾವು ಬಂದರೆ ನಮ್ಮ ಮಕ್ಕಳು ಅಪ್ಪ ಅವ್ವನ ಜೊತೆ ವಾರಗಟ್ಟಲೆ ಹೊಲದಲ್ಲಿರುತ್ತಾರೆ. ಅದಕ್ಕೆ ಏನು ಮಾಡುತ್ತೀ?

ಸೇಡಂ ರೋಡ್ ಹುಡುಗ

ಇದನ್ನು ಯೋಚಿಸಿರಲಿಲ್ಲ ಟೀಚರ್. ಮೊದಲೇ ಗೊತ್ತಿರುವ ಬಿಡುವಿಗೆ ಶುರು ತಾರೀಖು, ಮುಗಿಯುವ ತಾರೀಖು ಕೊಟ್ಟು ಪೂರ್ತಿ ನಿಲ್ಲಿಸುವ ಹಾಗೆ ಮಾಡಬಹುದು, ತುರ್ತು ದಿನದ ಲೆಕ್ಕಕ್ಕೆ ಅದು ಬರುವುದಿಲ್ಲ. ಆದರೆ ಮುಗಿಯುವ ತಾರೀಖು ಕಡ್ಡಾಯ ಮಾಡಲಾ ಬೇಡವಾ ಗೊತ್ತಾಗುತ್ತಿಲ್ಲ. ಕಟಾವು ಯಾವಾಗ ಮುಗಿಯುತ್ತದೆ ಅಂತ ಮಕ್ಕಳಿಗೆ ಗೊತ್ತಿರುವುದಿಲ್ಲ, ಖಾಲಿ ಬಿಟ್ಟರೆ ಆ್ಯಪ್ ಅವರನ್ನು ಮತ್ತೆ ಕರೆಯುವುದೇ ಇಲ್ಲ. ನಿಮ್ಮ ಹಾಸ್ಟೆಲ್‌ನಲ್ಲಿ ಮಕ್ಕಳು ಸಾಮಾನ್ಯವಾಗಿ ಎಷ್ಟು ದಿನಕ್ಕೆ ವಾಪಸ್ ಬರುತ್ತಾರೆ ಅಂತ ಹೇಳಿದರೆ, ಅಷ್ಟು ದಿನ ಆದ ಮೇಲೆ ಒಂದೇ ಒಂದು ಸಲ 'ಬಂದಿರಾ?' ಅಂತ ಕೇಳುವ ಹಾಗೆ ಇಡುತ್ತೇನೆ.

ಶಹಾಪುರ ಟೀಚರ್

ಹಳೆಯ ಹಾಳೆಗಳು ಬೀರುವಿನಲ್ಲಿವೆ. ಊ ಎಷ್ಟಿವೆ ಅಂತ ಎಣಿಸಿ ಭಾನುವಾರ ಹೇಳುತ್ತೇನೆ.